ಸಂಘದ ನಂಬರು, ನನ್ನ ಪುಡಿ

ನಾಲತವಾಡದ ಸಂತೆ ರಸ್ತೆಯಲ್ಲಿ ನನ್ನದೊಂದು ಬಾಡಿಗೆ ಕೋಣೆ ಇತ್ತು. ಕೋಣೆ ಈಗಲೂ ಇದೆ. ಅದರ ಬೀಗಕ್ಕೆ ಬಟ್ಟೆ ಸುತ್ತಿ ಮೇಲೆ ಅರಗಿನ ಮುದ್ರೆ ಹಾಕಿದ್ದಾರೆ, ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ನಾನು ಅತ್ತ ನೋಡುವುದಿಲ್ಲ. ಎದುರಿಗೆ ಕಟ್ಟೆಯ ಮೇಲೆ ಬಳೆ ಮಾರುವ ಹೆಣ್ಣುಮಗಳು ಕುಳಿತಿರುತ್ತಾಳೆ. ಅವಳು ಮಾತ್ರ ನನ್ನನ್ನು ನೋಡುತ್ತಾಳೆ. ಅವಳ ವಿಷಯವನ್ನೇ ಬರೆಯಬೇಕಾಗಿದೆ.

ನಾನು ಇಂಡಿ ಕಡೆಯವನು. ಮ್ಯಾಟ್ರಿಕ್ ಪಾಸಾಗಿದ್ದೇನೆ. ನಮ್ಮಪ್ಪ ಕಾಮಣಿ ಬ್ಯಾನಿಗೆ, ಅಂದರೆ ಕಾಮಾಲೆಗೆ, ಬೇರು ಕೊಡುತ್ತಿದ್ದ. ಐತಾರ ಬೆಳಿಗ್ಗೆ ಬಂದವರನ್ನು ಅಂಗಳದಲ್ಲಿ ಕೂರಿಸಿ, ಬೇರು ತೇಯ್ದು ಹಾಲಿನಲ್ಲಿ ಕುಡಿಸಿ ಕಳಿಸುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ, ಬೋರ್ಡು ಇರಲಿಲ್ಲ. ನಾನು ಆ ಕೆಲಸ ಕಲಿಯಲಿಲ್ಲ. ಇಂಡಿಯಲ್ಲಿ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿ ಸೇರಿದೆ. ಅವರು ಎಂಬಿಬಿಎಸ್ ಓದಿದವರು. ಅವರ ನೋಂದಣಿ ಪ್ರಮಾಣಪತ್ರ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲೆ ಇತ್ತು. ದಿನಾ ಬೆಳಿಗ್ಗೆ ಅದನ್ನು ಒರೆಸುವವನು ನಾನೇ. ಒರೆಸುತ್ತಾ ಒರೆಸುತ್ತಾ ಅದು ನನ್ನದೇ ಎನ್ನುವ ಸಲಿಗೆ ಬಂದುಬಿಟ್ಟಿತ್ತೇನೋ.

ಅಲ್ಲಿ ಒಂದು ಮಾತು ಕೇಳಿದ್ದೆ. ದಮ್ಮಿನ ರೋಗಿಯೊಬ್ಬನಿಗೆ ಡಾಕ್ಟರು ಸಣ್ಣ ಬಿಳಿ ಗುಳಿಗೆ ಬರೆದುಕೊಟ್ಟು ಹೇಳಿದ್ದರು: “ಇದು ಸ್ಟಿರಾಯ್ಡ್ ಐತಿ. ಆರಾಮ ಆತು ಅಂತ ಒಮ್ಮಿಂದೊಮ್ಮೆ ಬಿಡಬ್ಯಾಡ. ಇಳಿಸ್ಕೋತ ಇಳಿಸ್ಕೋತ ಬಿಡಬೇಕು. ಒಮ್ಮೆಲೇ ಬಿಟ್ಟರ ಜೀವಕ್ಕ ಬರತೈತಿ.” ಆ ಮಾತು ನನಗೆ ಗೊತ್ತಿರಲಿಲ್ಲ ಎಂದು ನಾನು ಯಾವ ಕೋರ್ಟಿನಲ್ಲೂ ಹೇಳಲಾರೆ. ಗೊತ್ತಿತ್ತು.

ಡಾಕ್ಟರು ತೀರಿಕೊಂಡ ಮೇಲೆ ನಾನು ನಾಲತವಾಡಕ್ಕೆ ಬಂದೆ. ಇಂಡಿಯಲ್ಲಿ ಎಲ್ಲರೂ ನನ್ನನ್ನು ‘ಕಂಪೌಂಡರ್’ ಎಂದೇ ಕರೆಯುತ್ತಿದ್ದರು. ನಾಲತವಾಡದಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ದೂರದ ಊರನ್ನು ಆರಿಸಿಕೊಂಡದ್ದು ಅದಕ್ಕೇ.

ಆ ಹೊತ್ತಿಗೆ ಪಾರಂಪರಿಕ ವೈದ್ಯರ ಸಂಘವೊಂದರವರು ಊರೂರು ತಿರುಗಿ ಸದಸ್ಯರನ್ನು ಮಾಡಿಕೊಳ್ಳುತ್ತಿದ್ದರು. ನಾನು ಸೇರಿದೆ. ಯಂಕಂಚಿಯಲ್ಲಿ ಎಲುಬು ಕಟ್ಟುವ ನನ್ನ ಹಳೆಯ ಗೆಳೆಯನೊಬ್ಬನಿದ್ದ, ಅವನನ್ನೂ ಸೇರಿಸಿದೆ. ನಮಗೆ ಫೋಟೋ ಇದ್ದ ಒಂದೊಂದು ಕಾರ್ಡು ಕೊಟ್ಟರು. ಕಾರ್ಡಿನ ತಲೆಯ ಮೇಲೆ ‘ನೋಂದಣಿ ಸಂಖ್ಯೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಸಂಘವನ್ನು ಸಂಘ ಎಂದು ನೋಂದಾಯಿಸಿದ ನಂಬರು ಅದು. ನನ್ನ ನಂಬರಲ್ಲ. ಸಂಘದವರು ಮೋಸ ಮಾಡಿರಲಿಲ್ಲ, ಕೆಳಗೆ ಸಣ್ಣಕ್ಷರದಲ್ಲಿ ‘ಸದಸ್ಯತ್ವದ ಗುರುತು ಮಾತ್ರ’ ಎಂದು ಬರೆದೇ ಇದ್ದರು. ಎರಡು ಕಾರ್ಡು ಕೈಗೆ ಬಂದ ದಿನವೇ ನಾನು ಎರಡರಲ್ಲೂ ಒಂದೇ ನಂಬರು ಇರುವುದನ್ನು ನೋಡಿದ್ದೆ. ಗೆಳೆಯನ ಕಾರ್ಡನ್ನು ಅವನಿಗೆ ಕೊಟ್ಟೆ, ಏನೂ ಹೇಳಲಿಲ್ಲ.

ನಿಜವಾದ ನೋಂದಣಿ ಬೇರೆ. ಆಯುರ್ವೇದವೋ ಯುನಾನಿಯೋ ಕಾಲೇಜಿನಲ್ಲಿ ಓದಿ ಪದವಿ ಪಡೆದು, ರಾಜ್ಯದ ಆಯುರ್ವೇದ-ಯುನಾನಿ ಮಂಡಳಿಯ ಪಟ್ಟಿಗೆ ಹೆಸರು ಸೇರಿಸಬೇಕು. ಅದು ವೈದ್ಯನಿಗೆ. ದವಾಖಾನೆ ತೆರೆಯಲು ಜಿಲ್ಲಾ ಪ್ರಾಧಿಕಾರದ ನೋಂದಣಿ ಬೇರೆಯೇ ಬೇಕು, ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಹಿಂದೆ ಒಂದು ಕಾಲದಲ್ಲಿ ಪದವಿ ಇಲ್ಲದ ಹಳೆಯ ವೈದ್ಯರನ್ನೂ ಅನುಭವ ನೋಡಿ ಪಟ್ಟಿಗೆ ಸೇರಿಸಿಕೊಂಡಿದ್ದರಂತೆ. ಆ ಬಾಗಿಲು ಮುಚ್ಚಿ ಬಹಳ ವರ್ಷವಾಯಿತು. ಅಪ್ಪನ ಹೆಸರು ಆ ಪಟ್ಟಿಯಲ್ಲಿ ಇದ್ದಿದ್ದರೂ ಅದು ಹೊಲದ ಹಾಗೆ ಮಗನಿಗೆ ಬರುವಂಥದ್ದಲ್ಲ. ಇದೆಲ್ಲ ನನಗೆ ಅರ್ಧ ಗೊತ್ತಿತ್ತು, ಉಳಿದರ್ಧವನ್ನು ಕೇಳಲು ಹೋಗಲಿಲ್ಲ.

ಅಲೋಪತಿ ದವಾಖಾನೆಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಇರಬೇಕೆಂಬ ಹೊಸ ನಿಯಮ ಬಂತು. ಹೆದರಿ ಮುಚ್ಚುವುದನ್ನು ಬಿಟ್ಟು ನಾನು ನನ್ನ ಬಿಳಿ ಬೋರ್ಡಿಗೆ ಹಸಿರು ಬಳಿಸಿದೆ. ಮೇಲೆ ‘ಡಾ.’ ಎಂದು ಬರೆಸಿ, ಕೆಳಗೆ ಸಂಘದ ನಂಬರು ಹಾಕಿಸಿದೆ.

ಪೇಂಟರ್ ಏಣಿಯ ಮೇಲಿಂದ ಕೇಳಿದ: “ಈ ನಂಬರ್ ನಿಮ್ಮದೇನ್ರಿ, ದವಾಖಾನಿದೇನ್ರಿ?”

“ನೀ ಬಣ್ಣ ಹಚ್ಚು,” ಎಂದೆ.

ನನ್ನ ಕೋಣೆಗೆ ಬರುತ್ತಿದ್ದವರು ಹೆಚ್ಚಾಗಿ ಮೊಣಕಾಲು, ಸೊಂಟ ಹಿಡಿದವರು. ಶುಂಠಿ, ಮೆಂತ್ಯ, ಅಶ್ವಗಂಧ ಕೂಡಿಸಿ ಪುಡಿ ಮಾಡಿ ಪೊಟ್ಟಣ ಕಟ್ಟುತ್ತಿದ್ದೆ. ಅದರಿಂದ ಕೆಲವರಿಗೆ ಸ್ವಲ್ಪ ಆರಾಮ, ಹಲವರಿಗೆ ಏನೂ ಇಲ್ಲ. ಜನ ಮತ್ತೆ ಬರುತ್ತಿರಲಿಲ್ಲ. ಆಗ ನನಗೆ ಆ ಸಣ್ಣ ಬಿಳಿ ಗುಳಿಗೆಗಳ ನೆನಪಾಯಿತು. ಬೇರೆ ಬೇರೆ ಊರಿನ ಔಷಧ ಅಂಗಡಿಗಳಲ್ಲಿ, ಹಳೆಯ ಕಂಪೌಂಡರ್ ಎಂಬ ಪರಿಚಯದ ಮೇಲೆ, ಚೀಟಿ ಇಲ್ಲದೆ ಕೊಂಡೆ. ಬಾಗಿಲು ಹಾಕಿಕೊಂಡು ಸಣ್ಣ ಒರಳಿನಲ್ಲಿ ಅರೆದು ಪುಡಿಗೆ ಬೆರೆಸಿದೆ. ಕೋಲು ಹಿಡಿದು ಬಂದವರು ಕೋಲು ಮರೆತು ಹೋಗತೊಡಗಿದರು. ಬಾಗಿಲ ಮುಂದೆ ಚಪ್ಪಲಿ ರಾಶಿ ಬಿತ್ತು.

ಎದುರಿನ ಕಟ್ಟೆಯ ಬಳೆಗಾರ್ತಿ ಮೊದಲು ಬಂದದ್ದು ತಮಾಷೆ ಮಾಡಲು. ಮುಸಲ್ಮಾನರ ಹೆಣ್ಣುಮಗಳು, ಗಂಡ ಇಲ್ಲ, ಮಗ ಟಂಟಂ ಆಟೋ ಓಡಿಸುತ್ತಾನೆ. ಸಂತೆ ಇಲ್ಲದ ದಿನ ಬಳೆ ಪೋಣಿಸಿದ ಮಲಾರ ಹೊತ್ತು ಹಳ್ಳಿ ತಿರುಗುತ್ತಿದ್ದಳು.

“ಡಾಕ್ಟರ್ ಕಾಕಾ, ನಿಮ್ಮ ಪುಡಿ ತಿಂದವರು ಓಡ್ಯಾಡಾಕತ್ತಾರ. ನನ್ನ ಕಟ್ಟಿ ಮುಂದ ಯಾರೂ ನಿಲ್ಲವಲ್ಲರು. ನನ್ನ ಯಾಪಾರ ಕೆಡಿಸಿದ್ರಿ ನೀವು,” ಎಂದಳು. ಆಮೇಲೆ ಮೆಟ್ಟಿಲು ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ನಂಗೂ ನಾಕು ಪೊಟ್ಟಣ ಕೊಡ್ರಿ ಮತ್ತ. ಮಣಕಾಲು ಮಡಚಿ ಕುಂತರ ಏಳಾಕ ಬರವಲ್ದು.”

ಕೊಟ್ಟೆ. ಅವಳು ಎದ್ದಳು, ನಡೆದಳು. ವರ್ಷಗಟ್ಟಲೆ ತಿಂದಳು.

ಅವಳ ಮುಖ ದುಂಡಗಾಯಿತು. ಸಂತೆಗೆ ಬಂದ ಹೆಂಗಸರು ‘ಮಗ ಚಲೋ ಗಳಸಾಕತ್ತಾನ ಬಿಡು, ಮಾರಿ ಮ್ಯಾಲ ಕಾಣತೈತಿ’ ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಆದರೆ ಒಂದು ದಿನ ತನ್ನ ಕೈ ಚಾಚಿ ತೋರಿಸಿದಳು. “ಕಾಕಾ, ಇದೇನ್ ನೋಡ್ರಿ. ಮಾರಿ ಉಬ್ಬೈತಿ, ಕೈ ಸಣ್ಣಾಗ್ಯಾವ. ನನ್ನ ಬಳಿ ನಂಗ ಸಡಲ ಆಗಿ ಮೊಣಕೈ ತನಕ ಹೋಗತಾವ. ಬಳಿ ತಗದು ತೊಟ್ಟರ ಸಾಕು ಚರ್ಮದ ಮ್ಯಾಲ ನೀಲಿ ಮೂಡತೈತಿ. ಇಷ್ಟ್ ವರ್ಷ ಊರ ಮಂದಿಗೆ ಬಳಿ ತೊಡಿಸೇನಿ, ಇಂಥದ್ದು ನೋಡಿಲ್ಲ.”

ಆ ನೀಲಿ ಬಿಳಿ ಗುಳಿಗೆಯದೇ ಕೆಲಸ ಎಂದು ನನಗೆ ಗೊತ್ತಿತ್ತು. “ಉಷ್ಣ ಐತಿ, ಮಜ್ಜಿಗಿ ಕುಡಿ,” ಎಂದೆ. ಅಂದಿನಿಂದ ಅವಳ ಕೈ ನೋಡದೆ ಪೊಟ್ಟಣ ಕೊಡುವುದನ್ನು ರೂಢಿ ಮಾಡಿಕೊಂಡೆ.

ಒಂದು ಮಧ್ಯಾಹ್ನ ಯಂಕಂಚಿಯ ಗೆಳೆಯನ ಫೋನು ಬಂತು. ಅವನ ದನಿ ಇಳಿದಿತ್ತು.

“ಲೇ, ನಿನ್ನ ಕಾರ್ಡು ತಗಿ. ಅದರ ಮ್ಯಾಲಿನ ನಂಬರ್ ಓದು.”

“ಯಾಕೋ?”

“ಓದು ಅಂದೆ.”

ಓದಿದೆ. ನಾನು ಮುಗಿಸುವ ಮೊದಲೇ ಅವನು ಕೊನೆಯ ಅಂಕಿಗಳನ್ನು ತಾನೇ ಹೇಳಿದ.

“ನನ್ನ ಕಾರ್ಡಿನ್ಯಾಗೂ ಅದ ಐತಿ,” ಎಂದ. “ಇವತ್ತು ತಾಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆಯುಷ್ ಕಡೆಯವರು, ಪೊಲೀಸರು ಎಲ್ಲಾ ಬಂದಿದ್ರು. ಪದವಿ ತೋರಸು ಅಂದ್ರು, ನೋಂದಣಿ ತೋರಸು ಅಂದ್ರು. ನಾ ಎದಿ ಉಬ್ಬಿಸಿ ಕಾರ್ಡು ತೋರಿಸಿದ್ನಿ. ಸಾಹೇಬ್ರು ನಕ್ಕು, ‘ಇದು ಸಂಘ ಹುಟ್ಟಿದ ನಂಬರ್ ಐತಿ, ನೀ ವೈದ್ಯ ಆಗಿದ್ದರದಲ್ಲ’ ಅಂದ್ರು. ಎಲ್ಲಾರ ಮುಂದ. ನೀನ ಅಲ್ಲೇನೋ ತಂದು ಕೊಟ್ಟಾಂವ?”

“ನಿಂಗೇನ್ ಮಾಡಿದ್ರು?”

“ಬೋರ್ಡು ಕಿತ್ತರು, ಪಂಚನಾಮಿ ಬರದ್ರು, ನೋಟೀಸು ಕೊಟ್ಟಾರ. ಸೂಜಿ ಇಲ್ಲ, ಗುಳಿಗಿ ಇಲ್ಲ, ಬರೇ ಬಿದಿರು ಪಟ್ಟಿ, ಎಣ್ಣಿ, ಅರಿವಿ ಇದ್ದು. ಅದಕ್ಕ ಅಷ್ಟಕ್ಕ ಬಿಟ್ಟಾರ. ನಾಳೆ ನಾಡಿದ್ದು ನಿಮ್ಮ ಮುದ್ದೇಬಿಹಾಳ ತಾಲೂಕಿನ ಕಡೆ ಬರ್ತಾರಂತ. ನಿನ್ನ ಪುಡಿ ಪರೀಕ್ಷಾಕ್ಕ ಒಯ್ದರ ಏನ್ ಸಿಗತೈತಿ ಅಂತ ನಂಗ ಗೊತ್ತಿಲ್ಲ. ನಿಂಗ ಗೊತ್ತಿರಬೇಕು.”

ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ನೋಂದಣಿ ಇಲ್ಲದೆ ದವಾಖಾನೆ ನಡೆಸಿದ್ದಕ್ಕೆ ದಂಡವೂ ಜೈಲೂ ಇದೆ. ಪದವಿ ಇಲ್ಲದೆ ಡಾಕ್ಟರ್ ಎಂದು ಬರೆಸಿದ್ದಕ್ಕೆ ಬೇರೆ ಇದೆ. ಬೇರಿನ ಪುಡಿ ಎಂದು ಹೇಳಿ ಅಲೋಪತಿ ಗುಳಿಗೆ ತಿನ್ನಿಸಿದ್ದಕ್ಕೆ ಇನ್ನೂ ಬೇರೆ. ಪುಡಿಯ ಡಬ್ಬಿಯನ್ನು ಮೋರಿಗೆ ಸುರಿದೆ. ಒರಳನ್ನು ಮೂರು ಸಲ ತೊಳೆದೆ. ಬೋರ್ಡನ್ನು ಇಳಿಸಲು ಎಟುಕಲಿಲ್ಲ, ಹಾಗೇ ಬಿಟ್ಟೆ. ಬೀಗ ಹಾಕುವಾಗ ಎದುರಿನ ಕಟ್ಟೆಯಿಂದ ಕೂಗು ಬಂತು.

“ಕಾಕಾ, ನನ್ನ ಪೊಟ್ಟಣ ಇವತ್ತಿಗೆ ಮುಗದಾವರಿ. ಕೊಟ್ಟು ಹೋಗ್ರಿ.”

“ಊರಿಗೆ ಹೊಂಟೇನಿ. ಬಂದು ಕೊಡ್ತೇನಿ.”

“ಬರೂದು ಯಾವಾಗ?”

ನಾನು ಬಸ್ ನಿಲ್ದಾಣದ ಕಡೆ ನಡೆದೆ. ‘ಒಮ್ಮೆಲೇ ಬಿಡಬ್ಯಾಡ’ ಎಂಬ ಡಾಕ್ಟರರ ಮಾತು ಆಗಲೇ ನೆನಪಿತ್ತು. ದೊಡ್ಡ ದವಾಖಾನೆಗೆ ಹೋಗಿ ತೋರಿಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಅದಕ್ಕೆ ಹೆದರಿದೆ.

ಕೊಲ್ಹಾರದಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋಗಿ ಕುಳಿತೆ. ಹಿನ್ನೀರಿನ ಸೇತುವೆಯ ಮೇಲೆ ಜೀಪೊಂದು ನಿಧಾನವಾದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಬಾಗಿಲಿಗೆ ಮೀನು ಮಾರುವವನು ಬಂದರೂ ನಾನು ಒಳಕೋಣೆಗೆ ಹೋಗುತ್ತಿದ್ದೆ. “ಏನ್ ಆಗೇತಿ ಅಣ್ಣಾ, ಯಾರದಾದ್ರೂ ಕೊಲಿ ಮಾಡಿ ಬಂದಿಯೇನು?” ಎಂದು ತಂಗಿ ನಗೆಯಾಡಿದಳು. ನನಗೆ ನಗು ಬರಲಿಲ್ಲ. ಅವಳೂ ಮತ್ತೆ ನಗೆಯಾಡಲಿಲ್ಲ.

ನನ್ನ ಕೋಣೆಗೆ ಮುದ್ರೆ ಹಾಕಿದ ಸುದ್ದಿ ಎರಡು ದಿನದಲ್ಲೇ ಬಂತು. ಬೀಗ ಒಡೆಯದೆ, ಬೋರ್ಡಿನ ಫೋಟೋ ತೆಗೆದು, ಮುದ್ರೆ ಹಾಕಿ ಹೋಗಿದ್ದರು. ಸತ್ಯ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ಒಳಗೆ ಏನೂ ಉಳಿದಿಲ್ಲ, ಸಾಕ್ಷಿ ಇಲ್ಲ ಎಂದುಕೊಂಡೆ. ಸಾಕ್ಷಿ ಒಂದು ಹೆಣ್ಣುಮಗಳ ಮೈಯೊಳಗೆ ಇತ್ತು.

ಅದಾಗಿ ಮುಂದಿನ ವಾರ ಬೆಳಿಗ್ಗೆ ಅವಳ ಮಗ ಫೋನು ಮಾಡಿದ.

“ಡಾಕ್ಟರ್ ಸಾಹೇಬ್ರ, ನಮ್ಮವ್ವನ್ನ ಮುದ್ದೇಬಿಹಾಳ ಸರ್ಕಾರಿ ದವಾಖಾನ್ಯಾಗ ಹಾಕೇವರಿ. ನಾಕು ದಿನದಿಂದ ಎದ್ದಿಲ್ಲ. ನಿನ್ನಿಯಿಂದ ಬರೇ ವಾಂತಿ. ಸಲಾಯನ್ ಹಚ್ಚ್ಯಾರ, ಬಿಪಿ ಏರವಲ್ದಂತ. ಎದಕ್ಕಂತ ಅವರಿಗೂ ತಿಳಿವಲ್ದು. ನೀವು ಕೊಟ್ಟಿದ್ದು ಏನು ಔಷಧ ಅಂತ ಕೇಳಾಕತ್ತಾರ. ಏನ್ ಹೇಳಲ್ರಿ?”

ಒಂದೇ ಶಬ್ದ ಹೇಳಬೇಕಿತ್ತು. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಫೋನಿನ ಮಾತು ರೆಕಾರ್ಡ್ ಆಗುತ್ತದೆ, ಅದನ್ನೇ ಕೋರ್ಟಿನಲ್ಲಿ ಕೇಳಿಸುತ್ತಾರೆ ಎಂಬ ಯೋಚನೆ ಅವಳ ಜೀವಕ್ಕಿಂತ ಮೊದಲು ಬಂತು. “ಬೇರಿನ ಪುಡಿ ಅಂತ ಹೇಳು. ನಾ ಬರ್ತೇನಿ,” ಎಂದೆ. ನಾನು ಮಾಡಿದ ಎಲ್ಲ ತಪ್ಪುಗಳಲ್ಲಿ ಅತ್ಯಂತ ನೀಚವಾದದ್ದು ಆ ವಾಕ್ಯ.

ಕೊಲ್ಹಾರದಿಂದ ಬಸವನ ಬಾಗೇವಾಡಿಗೆ ಬಂದು ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ವಿಜಯಪುರದ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಅಲ್ಲಿಂದ ಸೋಲಾಪುರ, ಅಲ್ಲಿಂದ ಯಾರಿಗೂ ಸಿಗದ ಹಾಗೆ ಎಲ್ಲಿಗಾದರೂ. ನಾನು ಹತ್ತಿ ಕುಳಿತೆ. ಟಿಕೆಟ್ಟನ್ನೂ ತೆಗೆದುಕೊಂಡೆ. ಕಿಟಕಿಯ ಪಕ್ಕದ ಸೀಟಿನಲ್ಲಿ ಹೊಸ ಮದುಮಗಳೊಬ್ಬಳು ಕೈ ತುಂಬ ಹಸಿರು ಬಳೆ ತೊಟ್ಟು ಕುಳಿತಿದ್ದಳು. ಬಸ್ಸಿನ ಇಂಜಿನ್ನು ಶುರುವಾದಾಗ ಆ ಬಳೆಗಳು ಸಣ್ಣಗೆ ಸದ್ದು ಮಾಡತೊಡಗಿದವು. ಮಣಿಕಟ್ಟಿಗೆ ಸರಿಯಾಗಿ ಕೂತ ಬಳೆಗಳು, ಮೇಲೆ ಜಾರುತ್ತಿರಲಿಲ್ಲ.

“ಇಳಿತೇನ್ರಿ, ಇಳಿತೇನ್ರಿ,” ಎಂದು ಎದ್ದೆ.

ಕಂಡಕ್ಟರ್ ಸಿಟ್ಟಾದ. “ಅಜ್ಜಾ, ಎಲ್ಲಿಗಿ ಹೋಗಬೇಕಂತ ಮೊದಲ ಮನ್ಯಾಗ ವಿಚಾರ ಮಾಡಿ ಬರಬೇಕು. ಟಿಕೇಟಿನ ರೊಕ್ಕ ಹೊಳ್ಳಿ ಸಿಗೂದಿಲ್ಲ.”

ಮುದ್ದೇಬಿಹಾಳದ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ನನಗೆ ಜೈಲಿನ ಭಯವೂ ಇತ್ತು, ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟರೆ ಎಂಬ ಭಯವೂ ಇತ್ತು. ಒಂದು ಸಲ ಇದು ಮೇಲಾಗುತ್ತಿತ್ತು, ಒಂದು ಸಲ ಅದು. ಅವಳು ಹೋದರೆ ಪುಡಿಯ ವಿಷಯ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಒಮ್ಮೆ ಸುಳಿದುಹೋಯಿತು. ಅದನ್ನೂ ಬರೆದುಬಿಡುತ್ತೇನೆ.

ದವಾಖಾನೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಟಿಗಳು ಬಿಳಿಚಿದ್ದವು. ಸಲಾಯನ್ ಹಚ್ಚಲು ಬಳೆಗಳನ್ನೆಲ್ಲ ತೆಗೆದು ಮಗನ ಕೈಗೆ ಕೊಟ್ಟಿದ್ದರು, ಅವನು ಅವನ್ನು ಹಿಡಿದುಕೊಂಡೇ ನಿಂತಿದ್ದ. ಬಾಗಿಲಲ್ಲಿ ಅವಳನ್ನು ವಿಜಯಪುರದ ದೊಡ್ಡ ದವಾಖಾನೆಗೆ ಕಳಿಸಲು ನರ್ಸಮ್ಮ ಕಾಗದ ತುಂಬುತ್ತಿದ್ದಳು.

“ಪೇಷಂಟಿಗೆ ನೀವು ಏನಾಗಬೇಕ್ರಿ?” ಎಂದು ತಲೆ ಎತ್ತದೆ ಕೇಳಿದಳು.

ನಾಲತವಾಡದಲ್ಲಾಗಿದ್ದರೆ ಯಾರು ಕೇಳಿದರೂ ‘ಡಾಕ್ಟರ್’ ಎನ್ನುತ್ತಿದ್ದೆ.

“ಏನೂ ಆಗಬೇಕಾಗಿಲ್ಲರಿ. ಡಾಕ್ಟರನ್ನ ಕರೀರಿ, ಮಾತಾಡಬೇಕು.”

ಬಂದದ್ದು ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ. ಅವಳ ಹಿಂದೆ ಬಳೆಗಾರ್ತಿಯ ಮಗ.

“ನೀವೇನ್ರಿ ಪುಡಿ ಕೊಟ್ಟವರು?” ಎಂದಳು. “ಬೋರ್ಡಿನ ಮ್ಯಾಲ ಡಾಕ್ಟರ್ ಅಂತ ಹಾಕೀರಂತ. ನೀವು ಬಿಎಎಂಎಸ್ಸೇನು?”

“ಇಲ್ಲರಿ ಮೇಡಮ್ಮರ. ನಾ ಡಾಕ್ಟರ್ ಅಲ್ಲ. ಕಂಪೌಂಡರ್ ಇದ್ದೆ. ಅದು ಬೇರಿನ ಪುಡಿ ಅಲ್ಲ. ಅದರಾಗ ಸ್ಟಿರಾಯ್ಡ್ ಗುಳಿಗಿ ಅರದು ಹಾಕತಿದ್ದೆ. ವರ್ಷಗಟ್ಟಲೆ ಕೊಟ್ಟೇನಿ. ಒಮ್ಮೆಲೇ ನಿಂತೈತಿ.”

ಅವಳು ಗುಳಿಗೆಯ ಹೆಸರು ಕೇಳಿದಳು, ಹೇಳಿದೆ. ದಿನಕ್ಕೆ ಎಷ್ಟು ಎಂದಳು. “ತೂಕ ಮಾಡಿ ಹಾಕಿಲ್ಲರಿ, ಅಂದಾಜಿನ್ಯಾಗ,” ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಬೈಯಲು ಅವಳಿಗೆ ಹೊತ್ತಿರಲಿಲ್ಲ. ನರ್ಸಮ್ಮನ ಕಡೆ ತಿರುಗಿ ಒಂದು ಇಂಜೆಕ್ಷನ್ನಿನ ಹೆಸರು ಹೇಳಿ, ರಕ್ತದ ಸಕ್ಕರೆ ನೋಡು ಎಂದು ಒಳಗೆ ಓಡಿದಳು.

ಮಗ ಅಲ್ಲೇ ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು.

“ಮುಂಜಾನೆ ಫೋನಿನ್ಯಾಗ ಕೇಳಿದ್ನಲ್ಲ ನಿಮ್ಮನ್ನ,” ಎಂದ. “ಬೇರಿನ ಪುಡಿ ಅಂದ್ರಿ. ನಾ ಹಂಗ ಹೇಳಿದ್ನಿ ಅವರಿಗೆ. ನನ್ನ ಬಾಯಿಲೆ ಸುಳ್ಳು ಹೇಳಿಸಿದ್ರಿ, ನಮ್ಮವ್ವ ಸಾಯಾಕತ್ತಾಗ.”

ಸಂಜೆಯ ಹೊತ್ತಿಗೆ ಅವಳ ಬಿಪಿ ಮೇಲೆ ಬಂತು, ನೀರು ಕೇಳಿದಳು. ಅಂಬುಲೆನ್ಸಿನಲ್ಲಿ ವಿಜಯಪುರಕ್ಕೆ ಒಯ್ದರು, ಕೆಲವು ದಿನಗಳಲ್ಲಿ ಹುಷಾರಾಗಿ ಊರಿಗೆ ಬಂದಳು. ಅಂದು ಸಂಜೆಯೇ ಡಾಕ್ಟರಮ್ಮ ನನ್ನೆದುರಿಗೇ ಪೊಲೀಸರಿಗೆ ತಿಳಿಸಿದಳು. “ನಾ ತಿಳಿಸಲೇಬೇಕು ಅಜ್ಜಾರ,” ಎಂದಳಷ್ಟೆ. ನಾನು ಬೆಂಚಿನ ಮೇಲೆ ಕುಳಿತು ಕಾದೆ.

ಆಮೇಲೆ ನನ್ನನ್ನು ಕರೆದೊಯ್ದು ಬೀಗ ತೆಗೆಸಿ ಪಂಚನಾಮೆ ಮಾಡಿದರು. ತೊಳೆದಿದ್ದ ಒರಳನ್ನೂ ಒಯ್ದರು, ಮತ್ತೆ ಮುದ್ರೆ ಹಾಕಿದರು. ನನ್ನ ಹೇಳಿಕೆಯಲ್ಲಿ ಅಪ್ಪನ ವಿಷಯವನ್ನೂ ಕೇಳಿದ್ದ ಆಯುಷ್ ಅಧಿಕಾರಿ ನನ್ನ ಕಾರ್ಡನ್ನು ತಿರುಗಿಸಿ ನೋಡಿ, “ನಿಮ್ಮಪ್ಪನಂಗ ಅಂಗಳದಾಗ ಬೇರು ತೇಯ್ಕೋತ ಕುಂತಿದ್ದರೂ ಕಾನೂನು ನಿಮ್ಮನ್ನ ವೈದ್ಯ ಅನ್ನತಿರಲಿಲ್ಲ,” ಎಂದರು. “ಆದರ ನೀವು ಮಾಡಿದ್ದು ಅದಲ್ಲ ಬಿಡ್ರಿ.” ಈಗ ಜಾಮೀನಿನ ಮೇಲೆ ಇದ್ದೇನೆ. ದವಾಖಾನೆಯ ವಿಷಯ ಜಿಲ್ಲಾ ಪ್ರಾಧಿಕಾರದ ಮುಂದೆ, ಉಳಿದದ್ದು ಕೋರ್ಟಿನಲ್ಲಿ. ಪ್ರತಿ ತಾರೀಖಿನ ಹಿಂದಿನ ದಿನ ನನಗೆ ಊಟ ಸೇರುವುದಿಲ್ಲ. ಯಂಕಂಚಿಯ ಗೆಳೆಯ ಫೋನು ಎತ್ತುವುದಿಲ್ಲ.

ಬಳೆಗಾರ್ತಿ ಅದೇ ಗುಳಿಗೆಯನ್ನು ಈಗ ಸರ್ಕಾರಿ ದವಾಖಾನೆಯ ಚೀಟಿಯ ಮೇಲೆ ತಿನ್ನುತ್ತಾಳೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಮೊಣಕಾಲು ಮತ್ತೆ ಹಿಡಿದಿದೆ. ಸಾಕ್ಷಿ ಹೇಳಲು ಅವಳಿಗೆ ಸಮನ್ಸ್ ಬಂದಿದೆ ಎಂದು ತಿಳಿದು, ಹೋದ ಸಂತೆಯ ದಿನ ನಾನು ಮೊದಲ ಸಲ ಆ ಕಟ್ಟೆಯ ಮುಂದೆ ನಿಂತೆ.

“ಬಂದ್ರೇನು, ಕಂಪೌಂಡರ್ ಕಾಕಾ?” ಎಂದಳು. ಕಟ್ಟೆಯ ಮುಂದಿದ್ದ ಹೆಂಗಸರು ತಿರುಗಿ ನೋಡಿದರು. “ಜಜ್ಜರ ಮುಂದ ಏನ್ ಹೇಳಲಿ, ನೀವ ಹೇಳ್ರಿ.”

“ಇದ್ದದ್ದು ಹೇಳವ್ವಾ.”

“ನಿಮ್ಮ ಪುಡಿ ತಿಂದು ನಾ ಎದ್ದು ಓಡ್ಯಾಡಿದ್ನಿ ಅಂತನೂ ಹೇಳಲೇನು?”

“ಅದನ್ನ ಮೊದಲ ಹೇಳು,” ಎಂದೆ. “ಆ ಆರಾಮ ತೋರಿಸಿನ ನಾ ನಿನ್ನನ್ನ ಇಷ್ಟ್ ವರ್ಷ ಹಿಡದಿಟ್ಟಿದ್ದು.”

ಅವಳು, ಸಾಲಿನಲ್ಲಿ ಕಾಯುತ್ತಿದ್ದ ಹುಡುಗಿಯೊಬ್ಬಳ ಕೈ ಎಳೆದುಕೊಂಡು, ಬೆರಳುಗಳನ್ನು ಒತ್ತಿ, ಅಳತೆ ನೋಡಿ, ಬಳೆ ಏರಿಸತೊಡಗಿದಳು. ಬಳೆಗಾರ್ತಿಯ ಮಣಿಕಟ್ಟಿನ ಮೇಲೆ ಹಳೆಯ ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಈ ಸಲ ನಾನು ಅದನ್ನು ನೋಡಿದೆ.